ಭಾನುವಾರ ಕೆಲಸಕ್ಕೆ ಕರೆದರೆ: ಡಬಲ್ ಕೂಲಿ ಯಾವಾಗ, ಬದಲಿ ರಜೆ ಯಾವಾಗ, ಎರಡೂ ಯಾವಾಗ

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯ ಸಣ್ಣ ಕಾರ್ಖಾನೆಗಳ ಲೆಕ್ಕದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಭಾನುವಾರ ಕರೆಸಿದ್ದೆವು, ಡಬಲ್ ಕೊಟ್ಟುಬಿಟ್ಟರೆ ಆಯಿತಲ್ಲವೇ?" ಕಾರ್ಮಿಕರ ಪ್ರಶ್ನೆ ಇದರದೇ ಇನ್ನೊಂದು ಮುಖ: "ಬುಧವಾರ ರಜೆ ಕೊಟ್ಟು ಡಬಲ್ ಕೊಡಲಿಲ್ಲ, ಮೋಸ ಅಲ್ಲವೇ?" ಬಹಳ ಸಲ ಇಬ್ಬರ ಲೆಕ್ಕವೂ ತಪ್ಪಿರುತ್ತದೆ. ಡಬಲ್ ಕೊಟ್ಟ ಮಾತ್ರಕ್ಕೆ ರಜೆಯ ಬಾಕಿ ತೀರುವುದಿಲ್ಲ. ಸರಿಯಾಗಿ ಬದಲಿ ರಜೆ ಕೊಟ್ಟಿದ್ದರೆ ಭಾನುವಾರ ಎಂಬ ಒಂದೇ ಕಾರಣಕ್ಕೆ ಡಬಲ್ ಬರುವುದೂ ಇಲ್ಲ.

ಈ ಗೊಂದಲಕ್ಕೆ ಒಂದು ಮೂಲವಿದೆ. ಆಗಸ್ಟ್ 15, ಅಕ್ಟೋಬರ್ 2ರಂಥ ರಜೆಗಳಿಗೆ ಕರ್ನಾಟಕದಲ್ಲಿ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಎಂಬ ಬೇರೆಯೇ ಕಾನೂನಿದೆ. ಅಲ್ಲಿ ಆಯ್ಕೆ ಇದೆ: ಎರಡರಷ್ಟು ಕೂಲಿ, ಇಲ್ಲವೇ ಆ ದಿನದ ಕೂಲಿಯ ಜೊತೆಗೆ ವೇತನಸಹಿತ ಇನ್ನೊಂದು ರಜೆ. ಆ ಲೆಕ್ಕವನ್ನು ಎತ್ತಿ ಭಾನುವಾರಕ್ಕೆ ಅಂಟಿಸಿದ್ದರಿಂದಲೇ "ದುಡ್ಡು ಅಥವಾ ದಿನ" ಎಂಬ ಮಾತು ಎಲ್ಲರ ಬಾಯಲ್ಲೂ ಉಳಿದಿದೆ. ವಾರದ ರಜೆಯ ಲೆಕ್ಕದಲ್ಲಿ ಮೊದಲ ಪ್ರಶ್ನೆ ದುಡ್ಡಿನದಲ್ಲ, ದಿನದ್ದು.

ಯಾವ ಕಾನೂನು?

2025ರ ನವೆಂಬರ್ 21ರಿಂದ 1948ರ ಕಾರ್ಖಾನೆಗಳ ಕಾಯ್ದೆಯ ಜಾಗಕ್ಕೆ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ಇಲ್ಲಿ ಅದನ್ನು ಬರೀ "ಸಂಹಿತೆ" ಎನ್ನುತ್ತೇನೆ. ನಮಗೆ ಬೇಕಾದವು ಅದರ ಎರಡು ಸೆಕ್ಷನ್‌ಗಳು. 26ನೇ ಸೆಕ್ಷನ್ ಪ್ರಕಾರ ಯಾವುದೇ ವಾರದಲ್ಲಿ ಕಾರ್ಮಿಕನಿಂದ ಆರು ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. 27ನೇ ಸೆಕ್ಷನ್ ಪ್ರಕಾರ ಮಿತಿ ಮೀರಿದ ಗಂಟೆಗಳಿಗೆ ಎರಡರಷ್ಟು ದರದಲ್ಲಿ ವೇತನ ಕೊಡಬೇಕು. ಹಾಗೆ ಹೆಚ್ಚುವರಿ ಕೆಲಸ ಮಾಡಿಸಲು ಕಾರ್ಮಿಕನ ಒಪ್ಪಿಗೆಯೂ ಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ.

ಹಳೆಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ರಜೆ ಬದಲಿಸುವ ವಿಧಾನವನ್ನು ಇನ್ನೂ ಬಿಡಿಸಿ ಬರೆದಿದ್ದರು. ಬದಲಿ ದಿನ ಭಾನುವಾರದ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಇರಬೇಕು, ಮೊದಲೇ ಸೂಚನೆ ಹಾಕಬೇಕು, ಯಾರೂ ಸತತ ಹತ್ತು ದಿನಕ್ಕಿಂತ ಹೆಚ್ಚು ರಜೆಯಿಲ್ಲದೆ ದುಡಿಯುವಂತಾಗಬಾರದು. ಆ ಶಿಸ್ತನ್ನು ಈಗಲೂ ಬಿಡಬೇಡಿ ಎಂಬುದು ನನ್ನ ಸಲಹೆ. ಕೆಳಗಿನ ಹಂತಗಳು ಎರಡು ಕಾನೂನಿಗೂ ಹೊಂದುವಂತಿವೆ.

ಇದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಘಟಕಗಳ ಮಾತು. ಅವರು ನಿಮ್ಮ ಪಟ್ಟಿಯಲ್ಲಿದ್ದರೂ ಗುತ್ತಿಗೆದಾರನ ಪಟ್ಟಿಯಲ್ಲಿದ್ದರೂ ವಾರದ ರಜೆ ರಜೆಯೇ.

ಹಂತ 1: ವಾರ ಎಲ್ಲಿಂದ ಎಲ್ಲಿಗೆ ಎಂದು ಮೊದಲು ಗೆರೆ ಎಳೆಯಿರಿ

ಕಾನೂನಿನ ವಾರ ಶನಿವಾರದ ಮಧ್ಯರಾತ್ರಿಗೆ ಶುರುವಾಗುತ್ತದೆ. ಭಾನುವಾರ ವಾರದ ಮೊದಲ ದಿನ, ಶನಿವಾರ ಕೊನೆಯ ದಿನ. ನಾವು ಮಾತಿನಲ್ಲಿ ಸೋಮವಾರದಿಂದ ವಾರ ಎಣಿಸುತ್ತೇವೆ. ಹಾಜರಿ ಪುಸ್ತಕವನ್ನೂ ಹಾಗೆಯೇ ಗೆರೆ ಹಾಕಿಟ್ಟಿರುತ್ತಾರೆ. ಲೆಕ್ಕ ಕೆಡುವುದು ಅಲ್ಲಿಂದಲೇ.

ಉದಾಹರಣೆಗೆ 2026ರ ಫೆಬ್ರುವರಿ ತೆಗೆದುಕೊಳ್ಳಿ. ಎಂಟನೇ ತಾರೀಖು ಭಾನುವಾರ. ಆ ದಿನ ಕೆಲಸ ಮಾಡಿಸಿದರೆ ಅದು 8ರಿಂದ 14ರವರೆಗಿನ ವಾರಕ್ಕೆ ಸೇರುತ್ತದೆ, ಹಿಂದಿನ ವಾರಕ್ಕಲ್ಲ. ಹಾಗಾಗಿ ಆ ಭಾನುವಾರಕ್ಕೆ ಬದಲಾಗಿ 9, 10 ಅಥವಾ 11ರಂದು ರಜೆ ಕೊಟ್ಟರೆ ವಾರದಲ್ಲಿ ಆರೇ ದಿನ ಕೆಲಸ ಆಗುತ್ತದೆ, ಎಂಟು ಗಂಟೆಯ ಪಾಳಿಯಾದರೆ 48 ಗಂಟೆ.

ರಜೆಯನ್ನು ಮೊದಲೇ ಕೊಟ್ಟು ಆಮೇಲೆ ಭಾನುವಾರ ಕರೆಸುವ ಪದ್ಧತಿಯೂ ಇದೆ: 5ನೇ ತಾರೀಖು ಗುರುವಾರ ರಜೆ, 8ರಂದು ಕೆಲಸ. ಹಳೆಯ ಕಾಯ್ದೆ ಇದನ್ನು ಒಪ್ಪುತ್ತಿತ್ತು. ಲೆಕ್ಕ ಸರಿದೂಗಲೆಂದು ಆ ಭಾನುವಾರವನ್ನು ಹಿಂದಿನ ವಾರಕ್ಕೆ ಸೇರಿಸಬೇಕು ಎಂದು ಒಂದು ಉಪಸೆಕ್ಷನ್ ಕೂಡ ಇಟ್ಟಿತ್ತು. ಸಂಹಿತೆಯ 26ನೇ ಸೆಕ್ಷನ್‌ನಲ್ಲಿ ಆ ಮಾತಿಲ್ಲ. ಅಂದರೆ 8ರಿಂದ 14ರವರೆಗೆ ಏಳು ದಿನವೂ ಕೆಲಸ ಮಾಡಿಸಿದಂತೆ ಕಾಣುತ್ತದೆ, ಗುರುವಾರದ ರಜೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಬದಲಿ ದಿನವನ್ನು ಭಾನುವಾರದ ನಂತರವೇ, ಸೋಮವಾರದಿಂದ ಬುಧವಾರದೊಳಗೆ ಕೊಡಿ.

ಇದರಿಂದ ಇನ್ನೊಂದು ಅನುಕೂಲವೂ ಇದೆ. ಗುರುವಾರ 5ರಂದು ರಜೆ ಕೊಟ್ಟು, 8 ಮತ್ತು 15 ಎರಡೂ ಭಾನುವಾರ ಕರೆಸಿ, ಎರಡನೆಯದಕ್ಕೆ 18ರ ಬುಧವಾರ ಬದಲಿ ಕೊಟ್ಟಿರಿ ಎಂದುಕೊಳ್ಳಿ. ಕಾಗದದ ಮೇಲೆ ಎರಡು ಭಾನುವಾರಕ್ಕೆ ಎರಡು ರಜೆ ಸರಿಹೋದಂತೆ ಕಾಣುತ್ತದೆ. ಆದರೆ 6ರಿಂದ 17ರವರೆಗೆ ಎಣಿಸಿ ನೋಡಿ: ಹನ್ನೆರಡು ದಿನ ಸತತ ಕೆಲಸ. ಹತ್ತು ದಿನದ ಮಿತಿ ಮುರಿಯಿತು. ಪ್ರತಿ ಸಲವೂ ಭಾನುವಾರದ ನಂತರದ ಮೂರು ದಿನದಲ್ಲೇ ರಜೆ ಕೊಟ್ಟರೆ ಇಂಥ ಸರಣಿ ಒಂಬತ್ತು ದಿನ ದಾಟುವುದಿಲ್ಲ.

ಹಂತ 2: ಕರೆಸುವ ಕಾರಣ ಯಾವುದು ಎಂದು ನೋಡಿ

ಕಾರಣಕ್ಕೆ ತಕ್ಕಂತೆ ದಾರಿ ಬೇರೆಯಾಗುತ್ತದೆ.

ಮೊದಲನೆಯದು ಮುಂಚೆಯೇ ಗೊತ್ತಿರುವ ಕಾರಣ. ನಮ್ಮ ಕಡೆ ಇದರ ದೊಡ್ಡ ಉದಾಹರಣೆ ಬೆಸ್ಕಾಂ ವಿದ್ಯುತ್ ನಿಲುಗಡೆ. ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಕರೆಂಟ್ ಇರುವುದಿಲ್ಲ ಎಂದು ಪತ್ರಿಕೆಯಲ್ಲಿ ಬರುತ್ತದೆ, ಕಾರ್ಖಾನೆಯವರು ಭಾನುವಾರ ಯಂತ್ರ ಓಡಿಸಿ ಮಂಗಳವಾರ ರಜೆ ಕೊಡಲು ತೀರ್ಮಾನಿಸುತ್ತಾರೆ. ಇದು ಶುದ್ಧ ಬದಲಿ ರಜೆ. ಮಾಲು ಸಾಗಿಸುವ ಗಡುವು, ವರ್ಷಾಂತ್ಯದ ದಾಸ್ತಾನು ಎಣಿಕೆ ಇವೂ ಇದೇ ಗುಂಪಿನವು.

ಎರಡನೆಯದು ಹಠಾತ್ ದುರಸ್ತಿ. ಶನಿವಾರ ರಾತ್ರಿ ಎಣ್ಣೆ ಗಿರಣಿಯ ಎಕ್ಸ್‌ಪೆಲ್ಲರ್‌ನ ಶಾಫ್ಟ್ ಮುರಿಯಿತು, ಭಾನುವಾರ ಫಿಟ್ಟರ್ ಬರದಿದ್ದರೆ ಸೋಮವಾರ ಗಿರಣಿ ನಿಲ್ಲುತ್ತದೆ. ತುರ್ತು ದುರಸ್ತಿ, ಬಾಯ್ಲರ್ ಮನೆ, ನಿಲ್ಲಿಸಲಾಗದ ಸತತ ಪ್ರಕ್ರಿಯೆ ಇಂಥವುಗಳಿಗೆ ವಾರದ ರಜೆಯ ನಿಯಮದಿಂದ ವಿನಾಯಿತಿ ಕೊಡಲು ಹಳೆಯ ಕಾಯ್ದೆಯಲ್ಲಿ ಅವಕಾಶವಿತ್ತು. ಸಂಹಿತೆಯಲ್ಲೂ ಸರ್ಕಾರ ಆದೇಶದ ಮೂಲಕ ವಿನಾಯಿತಿ ಕೊಡಬಹುದು. ವಿನಾಯಿತಿ ಎಂದರೆ ಆ ವಾರದಲ್ಲೇ ರಜೆ ಕೊಡಬೇಕಾಗಿಲ್ಲ ಎಂದಷ್ಟೇ ಅರ್ಥ. ಕಳೆದುಹೋದ ರಜೆಯನ್ನು ಆಮೇಲೆ ತೀರಿಸಲೇಬೇಕು. ಅದಕ್ಕೆ ಕಾನೂನಿನ ಹೆಸರು ಪರಿಹಾರ ರಜೆ. ನಿಮ್ಮಲ್ಲಿ ಬಹುಶಃ "ಕಾಂಪ್ ಆಫ್" ಎನ್ನುತ್ತೀರಿ. ಗಡುವು: ರಜೆ ತಪ್ಪಿದ ತಿಂಗಳು ಮತ್ತು ಅದರ ಮುಂದಿನ ಎರಡು ತಿಂಗಳು.

"ನಮ್ಮದು ತುರ್ತು" ಎಂದು ನೀವೇ ಹೇಳಿಕೊಂಡರೆ ವಿನಾಯಿತಿ ಸಿಗುವುದಿಲ್ಲ. ನಿಮ್ಮ ಕೆಲಸಕ್ಕೆ ಅನ್ವಯಿಸುವ ನಿಯಮ ಅಥವಾ ಆದೇಶದ ಪ್ರತಿ ಕಡತದಲ್ಲಿರಲಿ. ಗೋಡೌನ್ ಗುಡಿಸಲು, ಮಾಲೀಕರ ಮನೆಯ ಸಾಮಾನು ಇಳಿಸಲು ಕರೆಸಿದ್ದನ್ನು ತುರ್ತು ದುರಸ್ತಿ ಎಂದು ಬರೆದ ಪುಸ್ತಕಗಳನ್ನು ನಾನು ಕಂಡಿದ್ದೇನೆ. ಓದಿದವರು ನಗುತ್ತಾರೆ, ಆಮೇಲೆ ನೋಟಿಸ್ ಬರೆಯುತ್ತಾರೆ.

ಹಂತ 3: ಸೂಚನೆ ಮೊದಲು, ಕೆಲಸ ಆಮೇಲೆ

ಬದಲಿ ರಜೆಯ ಜೀವ ಇರುವುದು ಸೂಚನೆಯಲ್ಲಿ. ಭಾನುವಾರ ಮತ್ತು ಬದಲಿ ದಿನ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದಕ್ಕಿಂತ ಮುಂಚೆ ಸೂಚನೆ ಫಲಕಕ್ಕೆ ಹಾಕಬೇಕು. ಕಾರ್ಖಾನೆ ನಿರೀಕ್ಷಕರ ಕಚೇರಿಗೂ ತಲುಪಿಸಬೇಕು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆ. ಕೈಯಾರೆ ಕೊಟ್ಟರೆ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಸೂಚನೆ ಉದ್ದವಾಗಿರಬೇಕಿಲ್ಲ. ಇಷ್ಟಿದ್ದರೆ ಸಾಕು:

"ದಿನಾಂಕ 06-02-2026. ವಿದ್ಯುತ್ ನಿಲುಗಡೆಯ ಕಾರಣ 10-02-2026 ಮಂಗಳವಾರ ಕಾರ್ಖಾನೆ ನಡೆಯುವುದಿಲ್ಲ. ಕೆಳಗೆ ಹೆಸರಿಸಿದ ಕಾರ್ಮಿಕರು 08-02-2026 ಭಾನುವಾರ ಬೆಳಿಗ್ಗೆ 9ರಿಂದ ಕೆಲಸಕ್ಕೆ ಹಾಜರಾಗಬೇಕು. ಆ ಭಾನುವಾರದ ವಾರದ ರಜೆಗೆ ಬದಲಾಗಿ ಅವರಿಗೆ 10-02-2026 ಮಂಗಳವಾರ ಪೂರ್ಣ ದಿನ ರಜೆ ಇರುತ್ತದೆ."

ಕೆಳಗೆ ಹೆಸರು, ಟೋಕನ್ ಸಂಖ್ಯೆ, ವ್ಯವಸ್ಥಾಪಕರ ಸಹಿ. "ಎಲ್ಲ ಕಾರ್ಮಿಕರು" ಎಂದು ಬರೆಯುವುದು ಸುಲಭ, ಆದರೆ ನಿಜವಾಗಿ ಬಂದವರು ಹದಿನೆಂಟು ಜನರಾದರೆ ಉಳಿದವರ ಮಂಗಳವಾರಕ್ಕೆ ಉತ್ತರ ಕೊಡಲಾಗದು. ಹೆಸರು ಬರೆಯಿರಿ. ವಾಟ್ಸ್‌ಆ್ಯಪ್ ಗುಂಪಿಗೆ ಅದರ ಚಿತ್ರ ಕಳಿಸುವುದು ಒಳ್ಳೆಯದೇ, ಆದರೆ ಅದು ಫಲಕದ ಬದಲಿಗಲ್ಲ. ಮನಸ್ಸು ಬದಲಾಗಿ ರದ್ದು ಮಾಡಬೇಕಾದರೂ ಹಿಂದಿನ ದಿನದೊಳಗೆ ಅದೇ ಎರಡು ಕಡೆ ತಿಳಿಸಬೇಕು.

ಇಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಒಂದಿದೆ. ಬುಧವಾರ ಹನ್ನೊಂದು ಗಂಟೆಗೆ ಯಾವ ಮುನ್ಸೂಚನೆಯೂ ಇಲ್ಲದೆ ಕರೆಂಟ್ ಹೋಗುತ್ತದೆ. ಮಧ್ಯಾಹ್ನದವರೆಗೆ ಕಾದು ಎಲ್ಲರನ್ನೂ ಮನೆಗೆ ಕಳಿಸುತ್ತಾರೆ. ಶನಿವಾರ ಸಂಜೆ ಮೇಸ್ತ್ರಿ ಬಂದು, "ಬುಧವಾರ ರಜೆ ಆಯಿತಲ್ಲ, ನಾಳೆ ಬಂದುಬಿಡಿ" ಎನ್ನುತ್ತಾನೆ. ಇದು ಬದಲಿ ರಜೆ ಅಲ್ಲ. ಬುಧವಾರಕ್ಕಿಂತ ಮೊದಲು ಸೂಚನೆ ಇರಲಿಲ್ಲ, ಅದು ಪೂರ್ಣ ದಿನವೂ ಆಗಿರಲಿಲ್ಲ. ಭಾನುವಾರ ಕರೆಸಲೇಬೇಕಿದ್ದರೆ ಶನಿವಾರವೇ ಸೂಚನೆ ಹಾಕಿ, ಮುಂದಿನ ಸೋಮವಾರದಿಂದ ಬುಧವಾರದೊಳಗೆ ಹೊಸದಾಗಿ ಒಂದು ಪೂರ್ಣ ದಿನ ಬಿಡಬೇಕು.

ಪೂರ್ಣ ದಿನ ಎಂಬುದು ಎರಡೂ ಕಡೆಗೆ ಅನ್ವಯಿಸುತ್ತದೆ. ಭಾನುವಾರ ಮೂರೇ ಗಂಟೆ ಕರೆಸಿದರೂ ಆ ರಜೆ ಮುರಿಯಿತು, ಬದಲಿಗೆ ಕೊಡಬೇಕಾದ್ದು ಇಡೀ ದಿನ. "ಅರ್ಧ ದಿನ ಬಂದಿದ್ದ, ಅರ್ಧ ದಿನ ಬಿಟ್ಟೆವು" ಎಂಬ ಲೆಕ್ಕ ನಿಲ್ಲುವುದಿಲ್ಲ.

ಹಂತ 4: ಭಾನುವಾರದ ಹಾಜರಿ ಭಾನುವಾರವೇ

ಬಂದವರ ಹಾಜರಿ, ಬಂದ ಹೊತ್ತು, ಹೋದ ಹೊತ್ತು ಅದೇ ದಿನ ಹಾಜರಿ ಪುಸ್ತಕದಲ್ಲಿ ಬೀಳಬೇಕು. ಭಾನುವಾರದ ಕೆಲಸವನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟು, ನಗದು ವೋಚರ್‌ನಲ್ಲಿ ದುಡ್ಡು ಕೊಟ್ಟು, ಮುಖ್ಯ ಪುಸ್ತಕದಲ್ಲಿ ರಜೆ ಎಂದು ಕೆಂಪು ಶಾಯಿಯಲ್ಲಿ ಬರೆಯುವ ಅಭ್ಯಾಸ ಬಹಳ ಕಡೆ ಇದೆ. ಬೆರಳಚ್ಚು ಯಂತ್ರವಿರುವ ಕಡೆ ಇದು ಒಂದೇ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ: ಯಂತ್ರದಲ್ಲಿ 8ನೇ ತಾರೀಖಿನ ಒಂಬತ್ತು ಗಂಟೆಯ ಗುರುತು ಇರುತ್ತದೆ, ಪುಸ್ತಕದಲ್ಲಿ ರಜೆ ಇರುತ್ತದೆ.

ಸಿಕ್ಕಿಬೀಳುವುದಕ್ಕಿಂತ ದೊಡ್ಡ ಅಪಾಯ ಅಪಘಾತದ್ದು. ಭಾನುವಾರ ಕೈ ಬೆಲ್ಟಿಗೆ ಸಿಕ್ಕಿದರೆ, ಪುಸ್ತಕದ ಪ್ರಕಾರ ಆ ಮನುಷ್ಯ ಅಂದು ಕಾರ್ಖಾನೆಯಲ್ಲೇ ಇರಲಿಲ್ಲ. ಕೆಲಸದ ವೇಳೆ ಆದ ಗಾಯ ಎಂದು ಇಎಸ್‌ಐಗೆ ವರದಿ ಕೊಡುವಾಗ ನಿಮ್ಮ ಪುಸ್ತಕವೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಕಾರ್ಮಿಕ ಮಿತ್ರರಿಗೂ ಇದನ್ನೇ ಹೇಳುವೆ: ಹಾಜರಿ ಹಾಕದೆ ಭಾನುವಾರ ಯಂತ್ರದ ಬಳಿ ಹೋಗಬೇಡಿ.

ಹಂತ 5: ಲೆಕ್ಕ

ಎರಡು ಪದ ಗೊತ್ತಿದ್ದರೆ ಸಾಕು. "ಸಾಮಾನ್ಯ ದರ" ಎಂದರೆ ಕಾರ್ಮಿಕನ ಒಂದು ಗಂಟೆಯ ಮಾಮೂಲು ವೇತನ. "ಓವರ್‌ಟೈಮ್" ಅಥವಾ ಓಟಿ ಎಂದರೆ ದಿನದ ಇಲ್ಲವೇ ವಾರದ ಮಿತಿ ಮೀರಿದ ಗಂಟೆಗಳು. ಅವಕ್ಕೆ ಸಾಮಾನ್ಯ ದರದ ಎರಡರಷ್ಟು. ದಿನದ ಲೆಕ್ಕ, ವಾರದ ಲೆಕ್ಕ ಎರಡನ್ನೂ ಮಾಡಿ ಕಾರ್ಮಿಕನಿಗೆ ಹೆಚ್ಚು ಬರುವುದನ್ನು ಕೊಡಬೇಕು ಎಂದು ಸಂಹಿತೆ ಹೇಳುತ್ತದೆ. ಭಾನುವಾರದ ಪ್ರಕರಣಗಳಲ್ಲಿ ಸಾಮಾನ್ಯವಾಗಿ ವಾರದ 48 ಗಂಟೆಯ ಲೆಕ್ಕವೇ ಗೆಲ್ಲುತ್ತದೆ.

ಕರೂರು ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳ ಸಂಸ್ಕರಿಸುವ ಒಂದು ಘಟಕ ಎಂದು ಕಲ್ಪಿಸಿಕೊಳ್ಳಿ. ಮೇಲಿನ ಸೂಚನೆ ಅವರದೇ: 8ರ ಭಾನುವಾರ ಕೆಲಸ, 10ರ ಮಂಗಳವಾರ ರಜೆ. ಮೂವರು ಕಾರ್ಮಿಕರನ್ನು ನೋಡೋಣ. ಲೆಕ್ಕ ಸುಲಭವಾಗಲೆಂದು ಮೂವರಿಗೂ ಒಂದೇ ವೇತನ ಇಡುತ್ತೇನೆ: ಮೂಲ ವೇತನ 10,400, ತುಟ್ಟಿಭತ್ಯೆ 8,320, ಒಟ್ಟು ತಿಂಗಳಿಗೆ 18,720 ರೂಪಾಯಿ. ಇದನ್ನು 26ರಿಂದ ಭಾಗಿಸಿದರೆ ದಿನಕ್ಕೆ 720, ಎಂಟರಿಂದ ಭಾಗಿಸಿದರೆ ಗಂಟೆಗೆ 90. ಓಟಿ ದರ ಗಂಟೆಗೆ 180.

ಮೊದಲನೆಯವನು ಯಂತ್ರದ ಆಪರೇಟರ್. ಭಾನುವಾರ ಎಂಟು ಗಂಟೆ ದುಡಿದ, ಮಂಗಳವಾರ ಮನೆಯಲ್ಲಿದ್ದ, ಉಳಿದ ಐದು ದಿನ ಎಂದಿನಂತೆ ಎಂಟು ಗಂಟೆ. ಒಟ್ಟು 48 ಗಂಟೆ. ಅವನಿಗೆ ಹೆಚ್ಚುವರಿ ಏನೂ ಬರುವುದಿಲ್ಲ. ತಿಂಗಳ ವೇತನದಿಂದ ಮಂಗಳವಾರಕ್ಕೆಂದು ಏನನ್ನೂ ಕಡಿಯುವಂತೆಯೂ ಇಲ್ಲ. "ಭಾನುವಾರ ಬಂದರೂ ಡಬಲ್ ಇಲ್ಲವೇ" ಎಂದು ಅವನು ಸಿಟ್ಟಾಗುವುದು ಸಹಜ, ಆದರೆ ಲೆಕ್ಕ ಸರಿಯಿದೆ. ನಿಮ್ಮ ಕಾರ್ಖಾನೆಯ ಒಪ್ಪಂದದಲ್ಲಿ ಅಥವಾ ನೇಮಕಾತಿ ಪತ್ರದಲ್ಲಿ ಭಾನುವಾರಕ್ಕೆ ಪ್ರತ್ಯೇಕ ಭತ್ಯೆ ಇದ್ದರೆ ಮಾತ್ರ ಅದು ಸಿಗುತ್ತದೆ.

ಎರಡನೆಯವನು ಫಿಟ್ಟರ್. ಭಾನುವಾರ ಒಂದು ಬೇರಿಂಗ್ ಕೈಕೊಟ್ಟು ಅವನು ಊಟದ ಬಿಡುವು ಬಿಟ್ಟು ಹನ್ನೊಂದು ಗಂಟೆ ದುಡಿದ. ಮಂಗಳವಾರ ರಜೆ ಪಡೆದ. ವಾರದ ಗಂಟೆಗಳು 11 ಮತ್ತು 40, ಒಟ್ಟು 51. ಮೂರು ಗಂಟೆ ಮಿತಿ ಮೀರಿದೆ: 3 × 180 = 540 ರೂಪಾಯಿ, ತಿಂಗಳ ವೇತನದ ಮೇಲೆ. ಬದಲಿ ರಜೆ ಕೊಟ್ಟಿದ್ದೇವೆ, ಓಟಿ ಬೇಡ ಎನ್ನುವಂತಿಲ್ಲ. ಆ ರಜೆ ಎಂಟು ಗಂಟೆಗೆ ಸಮನಾಯಿತು, ಮೂರಕ್ಕಲ್ಲ.

ಮೂರನೆಯವನದೇ ನಿಜವಾದ ಪ್ರಶ್ನೆ. ಅವನು ಬಾಯ್ಲರ್ ನೋಡಿಕೊಳ್ಳುವವನು. ಕರೆಂಟ್ ಇಲ್ಲದ ಮಂಗಳವಾರವೇ ಬಾಯ್ಲರ್ ಬಿಚ್ಚಿ ತೊಳೆಯಲು ಒಳ್ಳೆಯ ದಿನವಾದ್ದರಿಂದ ಅವನನ್ನು ಅಂದೂ ಕರೆಸಿದರು. ಅವನ ಮಟ್ಟಿಗೆ ವಿನಾಯಿತಿ ಇದೆ ಎಂದಿಟ್ಟುಕೊಳ್ಳೋಣ. ಭಾನುವಾರದಿಂದ ಶನಿವಾರದವರೆಗೆ ಏಳು ದಿನ, 56 ಗಂಟೆ. ಎಂಟು ಗಂಟೆ ಓಟಿ: 8 × 180 = 1,440 ರೂಪಾಯಿ. ಇದರ ಜೊತೆಗೆ ಅವನಿಗೆ ಒಂದು ದಿನ ಪರಿಹಾರ ರಜೆ ಬಾಕಿ ಇದೆ. ಫೆಬ್ರುವರಿಯ ರಜೆ, ಮುಂದಿನ ಎರಡು ತಿಂಗಳು ಮಾರ್ಚ್ ಮತ್ತು ಏಪ್ರಿಲ್. ಗಡುವು ಏಪ್ರಿಲ್ 30. ದುಡ್ಡು ಮಿತಿ ಮೀರಿದ ಗಂಟೆಗಳಿಗೆ, ರಜೆ ಕಳೆದುಹೋದ ದಿನಕ್ಕೆ. ಒಂದು ಕೊಟ್ಟು ಇನ್ನೊಂದನ್ನು ಹೊಡೆದುಹಾಕುವಂತಿಲ್ಲ. ವಿನಾಯಿತಿ ಇಲ್ಲದಿದ್ದರೆ? ಆಗಲೂ 1,440 ಕೊಡಲೇಬೇಕು, ಆದರೆ ಕೊಟ್ಟ ಮೇಲೂ ಏಳನೆಯ ದಿನ ದುಡಿಸಿದ ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ಈ ಲೆಕ್ಕದಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪುಗಳು ಮೂರು.

ಒಂದು, ಮೂಲ ವೇತನದ ಮೇಲೆ ಮಾತ್ರ ಲೆಕ್ಕ ಹಾಕುವುದು. 10,400ನ್ನು ಹಿಡಿದರೆ ಗಂಟೆಗೆ 50, ಡಬಲ್ 100, ಎಂಟು ಗಂಟೆಗೆ 800. ಬಾಯ್ಲರ್‌ನವನಿಗೆ 640 ರೂಪಾಯಿ ಖೋತಾ. ತುಟ್ಟಿಭತ್ಯೆ ಸೇರಲೇಬೇಕು. ಮನೆ ಬಾಡಿಗೆ ಭತ್ಯೆಯಂಥವು ಹೊಸ ವ್ಯಾಖ್ಯೆಯಲ್ಲಿ ವೇತನದಿಂದ ಹೊರಗಿವೆ. ಆದರೆ ಹಾಗೆ ಹೊರಗಿಟ್ಟ ಬಾಬತ್ತುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದ ಭಾಗ ತಿರುಗಿ ವೇತನಕ್ಕೇ ಸೇರುತ್ತದೆ. ಮೂಲ ವೇತನವನ್ನು ಪುಟ್ಟದಾಗಿಸಿ ಭತ್ಯೆಗಳನ್ನು ಉಬ್ಬಿಸುವ ಹಳೆಯ ಜಾಣತನಕ್ಕೆ ಹಾಕಿದ ಕಡಿವಾಣ ಅದು.

ಎರಡು, 30ರಿಂದ ಭಾಗಿಸುವುದು. ಹಾಗೆ ಮಾಡಿದರೆ ದಿನಕ್ಕೆ 624, ಎಂಟು ಗಂಟೆಯ ಓಟಿ 1,248. ಅಂದರೆ 192 ರೂಪಾಯಿ ಕಡಿಮೆ. ತಿಂಗಳ ವೇತನ ಕೆಲಸದ ದಿನಗಳ ದುಡಿಮೆಗೆ ಕೊಟ್ಟದ್ದು ಎಂಬ ಎಣಿಕೆಯಲ್ಲಿ 26 ರೂಢಿಗೆ ಬಂದಿದೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. "ತಿಂಗಳ ವೇತನದಲ್ಲಿ ಭಾನುವಾರದ ಒಂದು ಪಾಲು ಆಗಲೇ ಇದೆ, ಇನ್ನೊಂದು ಪಾಲು ಕೊಟ್ಟರೆ ಡಬಲ್ ಆಯಿತು" ಎಂದು 720 ಮಾತ್ರ ಕೊಡುತ್ತಾರೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ವಾರದ 48 ಗಂಟೆಯ ದುಡಿಮೆಗೇ ತಿಂಗಳ ವೇತನ ಸಂದುಹೋಯಿತು. ಉಳಿದ ಎಂಟು ಗಂಟೆ ಪೂರ್ತಿ ಹೊರಗಿನವು, ಅವಕ್ಕೆ ಪೂರ್ತಿ ಡಬಲ್.

ದಿನಗೂಲಿಯವರಿಗೆ ಇದೇ ದರ, ಇದೇ ಓಟಿ. ಬದಲಿ ರಜೆಯ ದಿನಕ್ಕೆ ಕೂಲಿ ಉಂಟೇ ಎಂದರೆ, ಮಾಮೂಲು ಭಾನುವಾರಕ್ಕೆ ನಿಮ್ಮಲ್ಲಿ ಏನು ಪದ್ಧತಿಯೋ ಅದೇ. ಭಾನುವಾರಕ್ಕೆ ಕೂಲಿ ಕೊಡುವ ಕಡೆ ಬದಲಿ ಮಂಗಳವಾರಕ್ಕೆ ಕೊಡದಿದ್ದರೆ ಅದು ಕಡಿತವೇ ಸರಿ.

ತುಂಡುಗೂಲಿ, ಅಂದರೆ ಚೀಲಕ್ಕಿಷ್ಟು, ಮೀಟರಿಗಿಷ್ಟು ಎಂದು ದುಡಿಯುವವರ ಸಾಮಾನ್ಯ ದರಕ್ಕೆ ಹಿಂದಿನ ತಿಂಗಳ ಸರಾಸರಿ ಹಿಡಿಯುವುದು ಹಳೆಯ ಕಾಯ್ದೆಯ ಕ್ರಮ. ಜನವರಿಯಲ್ಲಿ 25 ದಿನ ಅದೇ ಕೆಲಸ ಮಾಡಿ, ಓಟಿ ಬಿಟ್ಟು 17,500 ಗಳಿಸಿದ್ದರೆ ದಿನಕ್ಕೆ 700. ಎಂಟು ಗಂಟೆಯ ಓಟಿ 1,400. ಅಂದು ಎಷ್ಟು ಚೀಲ ಹೊಲಿದ ಎಂಬುದರ ಮೇಲೆ ಇದು ನಿಲ್ಲುವುದಿಲ್ಲ.

ಹಂತ 6: ಪರಿಹಾರ ರಜೆಯನ್ನು ನಿಜವಾಗಿ ಕೊಟ್ಟು ಮುಗಿಸಿ

ಇದಕ್ಕೊಂದು ಪ್ರತ್ಯೇಕ ವಹಿ ಇಡಿ: ರಜೆ ತಪ್ಪಿದ ದಿನ, ಗಡುವು, ಕೊಟ್ಟ ದಿನ, ಕಾರ್ಮಿಕನ ಸಹಿ. ನಾಲ್ಕು ಕಾಲಂ ಸಾಕು. ತಿಂಗಳ ಕೊನೆಯಲ್ಲಿ ಗಡುವಿನ ಕಾಲಂ ಮೇಲೆ ಒಮ್ಮೆ ಕಣ್ಣಾಡಿಸಿದರೆ ಯಾರದು ಹತ್ತಿರ ಬಂದಿದೆ ಎಂದು ತಿಳಿಯುತ್ತದೆ.

ಕೊಟ್ಟ ದಿನವನ್ನು ಗಳಿಕೆ ರಜೆಯ ಖಾತೆಯಿಂದ ಕಳೆಯಬೇಡಿ. ಗಳಿಕೆ ರಜೆ ವರ್ಷವಿಡೀ ದುಡಿದದ್ದಕ್ಕೆ ಸಿಗುವುದು, ಇದು ಅವನದೇ ಭಾನುವಾರ ಹಿಂತಿರುಗಿ ಬಂದದ್ದು. ಇನ್ನೊಂದು ಭಾನುವಾರವನ್ನೇ "ಪರಿಹಾರ ರಜೆ" ಎಂದು ಬರೆದು ಲೆಕ್ಕ ಮುಗಿಸುವವರೂ ಇದ್ದಾರೆ. ಆ ಭಾನುವಾರ ಹೇಗೂ ಅವನದೇ ಆಗಿತ್ತು. ಯುಗಾದಿಯ ದಿನವನ್ನು ಹೀಗೆ ತೋರಿಸಿದರೂ ಅದೇ ಉತ್ತರ.

ಹಂತ 7: ದುಡ್ಡೂ ಬರಲಿಲ್ಲ, ದಿನವೂ ಬರಲಿಲ್ಲ ಎಂದಾದರೆ

ಈ ಹಂತ ಕಾರ್ಮಿಕರಿಗೆ. ತಿಂಗಳ ವೇತನ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಭಾನುವಾರದ ಓಟಿಯೂ ಅದರ ಜೊತೆಗೇ. ವೇತನ ಚೀಟಿಯಲ್ಲಿ ಓಟಿ ಗಂಟೆಗಳ ಸಾಲು ಪ್ರತ್ಯೇಕ ಇದೆಯೇ ನೋಡಿ. "ಇತರೆ" ಎಂಬ ಸಾಲಿನಲ್ಲಿ ಒಂದು ದುಂಡು ಮೊತ್ತ ಇದ್ದರೆ ಅದು ಯಾವ ದಿನದ್ದು, ಎಷ್ಟು ಗಂಟೆಯದು ಎಂದು ಕೇಳಿ.

ನಿಮ್ಮ ಹತ್ತಿರ ಇರಬೇಕಾದ ದಾಖಲೆ ದೊಡ್ಡದೇನಲ್ಲ. ಕೆಲಸಕ್ಕೆ ಕರೆದ ಸಂದೇಶ, ಫಲಕದ ಸೂಚನೆಯ ಫೋಟೊ, ಯಾವ ಭಾನುವಾರ ಎಷ್ಟು ಹೊತ್ತಿಗೆ ಒಳಗೆ ಹೋಗಿ ಎಷ್ಟು ಹೊತ್ತಿಗೆ ಹೊರಬಂದಿರಿ ಎಂದು ಅಂದಂದೇ ಬರೆದ ಒಂದು ಡೈರಿ. ವರ್ಷ ಕಳೆದ ಮೇಲೆ ಒಂದೇ ಕೂತಲ್ಲಿ, ಒಂದೇ ಪೆನ್ನಿನಲ್ಲಿ ಬರೆದ ಡೈರಿ ನೋಡಿದ ತಕ್ಷಣ ಗೊತ್ತಾಗುತ್ತದೆ, ಆ ಕೆಲಸ ಮಾಡಬೇಡಿ.

ಮೊದಲು ವ್ಯವಸ್ಥಾಪಕರಿಗೆ ತಾರೀಖು ಮತ್ತು ಗಂಟೆ ನಮೂದಿಸಿ ಒಂದು ಪತ್ರ ಕೊಟ್ಟು, ಪ್ರತಿಯ ಮೇಲೆ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲಿ ಬಗೆಹರಿಯದಿದ್ದರೆ ನಿಮ್ಮ ಜಿಲ್ಲೆಯ ಕಾರ್ಮಿಕ ಅಧಿಕಾರಿಯ ಕಚೇರಿ. ರಜೆಯನ್ನೇ ಕೊಡದ ದೂರು ಕಾರ್ಖಾನೆಗಳ ಇಲಾಖೆಗೆ ಹೋಗಬೇಕು, ವೇತನ ಬಾಕಿಯ ದೂರು ಕಾರ್ಮಿಕ ಇಲಾಖೆಗೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದು ಎರಡು ಕಚೇರಿಗಳ ನಡುವೆ ಓಡಾಡುತ್ತ ಕೂರುತ್ತದೆ. ಬೇರೆ ಬೇರೆ ಬರೆಯಿರಿ.

ಬಾಕಿ ವೇತನದ ಕ್ಲೇಮು, ಅಂದರೆ ಹಕ್ಕಿನ ಅರ್ಜಿಯನ್ನು, 2019ರ ವೇತನ ಸಂಹಿತೆಯ 45ನೇ ಸೆಕ್ಷನ್ ಅಡಿ ನಿಗದಿತ ಪ್ರಾಧಿಕಾರದ ಮುಂದೆ ಹಾಕಬಹುದು. ಬಾಕಿ ಹುಟ್ಟಿದ ದಿನದಿಂದ ಮೂರು ವರ್ಷ ಕಾಲಾವಕಾಶವಿದೆ. ನೀವೇ ಹಾಕಬಹುದು, ನೀವು ಸದಸ್ಯರಾಗಿರುವ ಸಂಘ ನಿಮ್ಮ ಪರವಾಗಿ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಆ ಪ್ರಾಧಿಕಾರಕ್ಕಿದೆ. ವೇತನ ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದು. ಆದರೆ ಆ ಭಾನುವಾರ ನೀವು ಕಾರ್ಖಾನೆಯಲ್ಲಿದ್ದಿರಿ ಎಂಬುದನ್ನೇ ಅವರು ಒಪ್ಪದಿದ್ದರೆ, ಆಗ ಬೇಕಾಗುವುದು ಆ ಡೈರಿ ಮತ್ತು ಶನಿವಾರ ರಾತ್ರಿ ಬಂದ ಸಂದೇಶ. ಮೊಬೈಲ್ ಬದಲಿಸುವಾಗ ಅದನ್ನು ಉಳಿಸಿಕೊಳ್ಳಿ.